ಸ್ಲೈಡ್ ಕನ್ನಡಕ್ಕೆ ತರುವಾಗ ಯಾವ ಪದ ಹೇಗಿರಬೇಕು: chmod ಪಾಠ ಹಿಡಿದು ಒಂದು ಮಾರ್ಗದರ್ಶಿ

ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಲಿನಕ್ಸ್ ಲ್ಯಾಬ್ ಮಾಡಿಸುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಜಾಸ್ತಿ. ಮಾಗಡಿ, ಕನಕಪುರ, ಚಿಂತಾಮಣಿ ಕಡೆಯಿಂದ ಬಂದು ಪಿಜಿಯಲ್ಲಿ ಇರುವವರೂ ಇದ್ದಾರೆ. ಇಂಗ್ಲಿಷ್ ಸ್ಲೈಡ್ ಹಾಕಿದರೆ ನೋಟ್ಸ್ ಬರೆದುಕೊಳ್ಳುತ್ತಾರೆ, ಆದರೆ ಕೀಬೋರ್ಡ್ ಮುಂದೆ ಕೂತಾಗ ಕೈ ಓಡುವುದಿಲ್ಲ. ಹಾಗಾಗಿ ಸ್ಲೈಡ್‌ಗಳನ್ನು ಒಂದೊಂದಾಗಿ ಕನ್ನಡಕ್ಕೆ ತರಲು ಶುರು ಮಾಡಿದೆ.

ಫೈಲ್ ಅನುಮತಿಯ ಸ್ಲೈಡ್‌ನಲ್ಲಿ ನಾನು ‘ಓನರ್’ ಎಂದು ಬರೆದಿದ್ದೆ. ಬೆಂಗಳೂರಿನಲ್ಲಿ ಬಾಡಿಗೆಗೆ ಇರುವ ಎಲ್ಲರಿಗೂ ಓನರ್ ಅಂದರೆ ಯಾರು ಅಂತ ಗೊತ್ತು, ಅಲ್ವಾ? ಇದಕ್ಕಿಂತ ಸುಲಭದ ಪದ ಬೇರೆ ಇಲ್ಲ ಅಂದುಕೊಂಡೆ. ಲ್ಯಾಬ್‌ನಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. “ಮೇಡಂ, ಓನರ್‌ಗೇ ಅನುಮತಿ ಕೊಟ್ಟಿದೀನಿ, ಆದ್ರೂ ರನ್ ಆಗ್ತಿಲ್ಲ.” ಅವಳ ಪರದೆಯ ಮೇಲೆ ಇದಿತ್ತು:

```
$ chmod o+x hello.sh
$ ./hello.sh
bash: ./hello.sh: Permission denied
```

ತಪ್ಪು ಗೊತ್ತಾಯಿತು. ಫೈಲಿನ ಅನುಮತಿ ಬದಲಿಸುವ chmod ಕಮಾಂಡ್‌ನಲ್ಲಿ o ಅಂದರೆ ಓನರ್ ಅಲ್ಲ, ಉಳಿದವರು. ಫೈಲಿನ ಯಜಮಾನರಿಗೆ ಇರುವ ಅಕ್ಷರ u. ಹುಡುಗಿ ಊರಿನವರಿಗೆಲ್ಲ ಅನುಮತಿ ಕೊಟ್ಟಿದ್ದಳು, ತನಗೆ ಮಾತ್ರ ಕೊಟ್ಟುಕೊಂಡಿರಲಿಲ್ಲ. ಫೈಲ್ ಅವಳದ್ದೇ ಆದ್ದರಿಂದ ಲಿನಕ್ಸ್ ಅವಳ ಪಾಲಿಗೆ ಯಜಮಾನರ ಅನುಮತಿ ಮಾತ್ರ ನೋಡುತ್ತದೆ. ಉಳಿದವರಿಗೆ ಏನು ಕೊಟ್ಟಿದೆ ಎಂದು ನೋಡುವುದೇ ಇಲ್ಲ. ಅದಕ್ಕೇ ಕೆಲಸ ಆಗಲಿಲ್ಲ. ಸ್ಲೈಡ್‌ನಲ್ಲಿ ನಾನು ಬರೆದ ‘ಓನರ್’ ಎಂಬ ಪದದ ಮೊದಲ ಸದ್ದೇ ‘ಓ’. ಆ ಸದ್ದು ಹಿಡಿದು ಅವಳು o ಒತ್ತಿದ್ದಳು.

ಅವತ್ತಿನಿಂದ ನಾನು ಪದ ಆರಿಸುವ ರೀತಿ ಬದಲಾಯಿತು. ಈಗ ಮೊದಲು ನೋಡುವುದು ಪದಕೋಶವಲ್ಲ, ವಿದ್ಯಾರ್ಥಿಯ ಪರದೆ. ಇದೇ ಒಂದು ಸ್ಲೈಡ್ ಇಟ್ಟುಕೊಂಡು ಹೇಗೆ ಮಾಡಬೇಕು ಎಂದು ಹೇಳುತ್ತೇನೆ.

ಮೊದಲು ಲ್ಯಾಬ್ ಮಾಡಿ, ಆಮೇಲೆ ಸ್ಲೈಡ್ ಬರೆಯಿರಿ

ಇಂಗ್ಲಿಷ್ ಸ್ಲೈಡ್ ತೆರೆದು ಸಾಲು ಸಾಲಾಗಿ ಕನ್ನಡ ಮಾಡಲು ಹೋಗಬೇಡಿ. ಆ ಸ್ಲೈಡ್ ಆದ ಮೇಲೆ ವಿದ್ಯಾರ್ಥಿ ಏನು ಟೈಪ್ ಮಾಡುತ್ತಾನೋ ಅದನ್ನು ನೀವೇ ಒಮ್ಮೆ ಟೈಪ್ ಮಾಡಿ. ಪರದೆಯ ಮೇಲೆ ಬಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಫೈಲ್ ಅನುಮತಿಯ ಪಾಠಕ್ಕೆ ನನಗೆ ಸಿಕ್ಕಿದ್ದು ಇಷ್ಟು:

```
$ ls -l hello.sh
-rw-r--r-- 1 student bca 42 Jul 10 09:30 hello.sh
$ chmod u+x hello.sh
$ ls -l hello.sh
-rwxr--r-- 1 student bca 42 Jul 10 09:30 hello.sh
```

ಇದರ ಜೊತೆಗೆ ತಪ್ಪಾದಾಗ ಬರುವ Permission denied ಎಂಬ ಸಾಲು. ಇವುಗಳಲ್ಲಿ ಒಂದಕ್ಷರವನ್ನೂ ಕನ್ನಡ ಲಿಪಿಗೆ ತರಬಾರದು. ಸ್ಲೈಡ್‌ನಲ್ಲಿ ‘ಸಿಎಚ್‌ಮಾಡ್’ ಎಂದು ಬರೆದರೆ ಓದಲು ಸಿಗುತ್ತದೆ, ಟೈಪ್ ಮಾಡಲು ಸಿಗುವುದಿಲ್ಲ. ಕಮಾಂಡ್, ಫೈಲಿನ ಹೆಸರು, r w x ಅಕ್ಷರಗಳು, ದೋಷದ ಸಂದೇಶ, ಇವೆಲ್ಲ ಇದ್ದ ಹಾಗೇ ಇರಲಿ. ಹೇಗೆ ಓದಬೇಕು ಎಂದು ತರಗತಿಯಲ್ಲಿ ಬಾಯಲ್ಲಿ ಹೇಳಿಕೊಟ್ಟರೆ ಸಾಕು.

ಇಷ್ಟು ಸುಲಭ. ತಲೆಬಿಸಿ ಇರುವುದು ಉಳಿದ ಪದಗಳದ್ದು. ಈ ಸ್ಲೈಡ್‌ನಲ್ಲಿ ಅಂಥವು ಎಂಟು ಹತ್ತು ಇವೆ: ಫೈಲ್, ಡೈರೆಕ್ಟರಿ, ಓನರ್, ಗ್ರೂಪ್, ಪರ್ಮಿಶನ್, ರೀಡ್, ರೈಟ್, ಎಕ್ಸಿಕ್ಯೂಟ್. ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳುತ್ತೇನೆ. ಪರದೆಯ ಮೇಲಿನ ಯಾವ ಅಕ್ಷರದ ಜೊತೆ ಈ ಪದಕ್ಕೆ ನಂಟಿದೆ? ಕನ್ನಡದ ಪದ ಹಾಕಿದರೆ ಅರ್ಥ ಬಿಚ್ಚಿಕೊಳ್ಳುತ್ತದಾ, ಇಲ್ಲಾ ಸುಮ್ನೆ ಇನ್ನೊಂದು ಹೆಸರು ಕಲಿತಂತಾಗುತ್ತದಾ?

ಒಂದೊಂದೇ ಪದ

‘ಫೈಲ್’ ಬಗ್ಗೆ ಜಾಸ್ತಿ ಯೋಚಿಸಬೇಕಿಲ್ಲ ಅನಿಸಬಹುದು. ಆದರೆ ‘ಕಡತ’ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ಹಿಂದೆ ಬಟ್ಟೆಗೆ ಕಪ್ಪು ಬಳಿದು, ಮಡಚಿ, ಬಳಪದಲ್ಲಿ ಲೆಕ್ಕ ಬರೆದಿಡುತ್ತಿದ್ದ ಪುಸ್ತಕಕ್ಕೆ ಆ ಹೆಸರು. ನನಗೆ ಅದರ ಮೇಲೆ ಪ್ರೀತಿ ಇದೆ. ಆದರೂ ಈ ಸ್ಲೈಡ್‌ನಲ್ಲಿ ಹಾಕುವುದಿಲ್ಲ. ಇವತ್ತು ಕಡತ ಎಂದ ಕೂಡಲೇ ಮಕ್ಕಳ ಕಣ್ಣಿಗೆ ಬರುವುದು ಸರ್ಕಾರಿ ಕಚೇರಿಯ ಮೇಜಿನ ಮೇಲೆ ದಾರ ಕಟ್ಟಿಟ್ಟ ಕಾಗದದ ಕಟ್ಟು. ಕಂಪ್ಯೂಟರ್ ಮುಂದೆ ಕೂತಾಗ ಅವರು ಹೇಳುವುದು ಫೈಲ್ ಎಂದೇ. ಹಾಗಾಗಿ ಕನ್ನಡ ಲಿಪಿಯಲ್ಲಿ ಫೈಲ್.

‘ಡೈರೆಕ್ಟರಿ’ಗೆ ಮಕ್ಕಳು ಹೇಳುವುದು ‘ಫೋಲ್ಡರ್’. ಬಳಕೆಯ ಮಾತೇ ಬೇಕೆಂದರೆ ಫೋಲ್ಡರ್ ಹಾಕಬೇಕಿತ್ತು. ಆದರೆ ಅನುಮತಿಗಳನ್ನು ತೋರಿಸುವ ls -l ಕೊಟ್ಟಾಗ ಡೈರೆಕ್ಟರಿಯ ಸಾಲಿನ ಮೊದಲ ಅಕ್ಷರವಾಗಿ d ಬರುತ್ತದೆ. drwxr-xr-x ಎಂಬ ಸಾಲು ನೋಡಿ ‘ಡಿ ಅಂದರೆ ಡೈರೆಕ್ಟರಿ’ ಎಂದು ಹಿಡಿದುಕೊಳ್ಳಲು ಈ ಪದದ ಸದ್ದೇ ಬೇಕು. ಮೊದಲ ಸಲ ಬಂದಾಗ ‘ಡೈರೆಕ್ಟರಿ, ಅಂದರೆ ನಾವು ಫೋಲ್ಡರ್ ಅನ್ನುವುದು’ ಎಂದು ಒಂದು ಸಾಲು ಸೇರಿಸಿ. ಆಮೇಲೆ ಎಲ್ಲ ಕಡೆ ಡೈರೆಕ್ಟರಿ ಎಂದೇ ಇರಲಿ.

‘ಓನರ್’ ಕಥೆ ಹೇಳಿದೆ. ಇಲ್ಲಿ ಸದ್ದಿನ ನಂಟು ತಪ್ಪು ಅಕ್ಷರಕ್ಕೆ ಕರೆದುಕೊಂಡು ಹೋಗುತ್ತದೆ. ಹಾಗಾಗಿ ಎಲ್ಲರಿಗೂ ಗೊತ್ತಿರುವ ಪದವಾದರೂ ಬಿಡಬೇಕು. ‘ಮಾಲೀಕರು’ ಎಂದು ಬರೆಯಿರಿ, ಪಕ್ಕದಲ್ಲಿ u ಇಡಿ. ‘ಯೂಸರ್’ ಎಂದರೆ u ಅಕ್ಷರಕ್ಕೆ ಸರಿಯಾಗುತ್ತದಲ್ಲ ಎಂದು ಕೇಳಬಹುದು. ಅದನ್ನೂ ಪ್ರಯತ್ನಿಸಿದೆ. ಆದರೆ ಗ್ರೂಪಿನಲ್ಲಿ ಇರುವವರೂ ಯೂಸರ್‌ಗಳೇ, ಹೊರಗಿನವರೂ ಯೂಸರ್‌ಗಳೇ. ಯಾವ ಯೂಸರ್ ಎಂಬ ಪ್ರಶ್ನೆ ಮತ್ತೆ ಹುಟ್ಟುತ್ತದೆ. ‘ಮಾಲೀಕರು’ ಎಂದರೆ ಒಬ್ಬರೇ, ಫೈಲ್ ಯಾರದ್ದೋ ಅವರು. ಬಾಯಲ್ಲಿ ಹೇಳುವಾಗ ಮಾತ್ರ ‘ಮಾಲೀಕರ ಅಕ್ಷರ u, ಯೂಸರ್ ಎಂಬುದರ ಯು’ ಎಂದು ಸೇರಿಸುತ್ತೇನೆ. ಇಂಗ್ಲಿಷ್‌ನಲ್ಲಿ ಓದುವ ಮಕ್ಕಳೂ ಈ o ಅಕ್ಷರದಲ್ಲಿ ಎಡವುತ್ತಾರೆ. ಅವರ ಪುಸ್ತಕದಲ್ಲಿ ಆ ಪದ ತಪ್ಪಿಸಲು ಆಗದು. ನಮಗೆ ಕನ್ನಡದಲ್ಲಿ ಅದನ್ನು ತಪ್ಪಿಸುವ ದಾರಿ ಇದೆ, ಬಳಸಿಕೊಳ್ಳೋಣ. o ಅಕ್ಷರಕ್ಕೆ ‘ಉಳಿದವರು’. ಇದು ಅರ್ಥವನ್ನೂ ಹೇಳುತ್ತದೆ: ಮಾಲೀಕರೂ ಅಲ್ಲ, ಗ್ರೂಪಿನವರೂ ಅಲ್ಲ, ಉಳಿದವರು.

‘ಗ್ರೂಪ್’ ಹಾಗೇ ಇರಲಿ. ವಾಟ್ಸಾಪ್ ಗ್ರೂಪ್ ಇಲ್ಲದ ವಿದ್ಯಾರ್ಥಿ ಇಲ್ಲ, ಅಕ್ಷರವೂ g. ಗುಂಪು ಎಂದರೂ ನಡೆಯುತ್ತದೆ, ಅಕ್ಷರ ಹೊಂದುತ್ತದೆ. ಆದರೆ ಗುಂಪು ಎಂದರೆ ಸೇರಿದ ಜನ. ಗ್ರೂಪ್ ಎಂದರೆ ಹೆಸರಿಟ್ಟು, ಸದಸ್ಯರನ್ನು ಸೇರಿಸಿದ ಪಟ್ಟಿ. ಲಿನಕ್ಸ್‌ನಲ್ಲಿ ಇರುವುದು ಎರಡನೆಯದು.

‘ಪರ್ಮಿಶನ್’ ಬಿಟ್ಟು ‘ಅನುಮತಿ’ ಆರಿಸಿದೆ. ಎರಡೂ ಬಳಕೆಯ ಪದಗಳೇ. ಅನುಮತಿ ಗೆದ್ದದ್ದು ವಾಕ್ಯ ಕಟ್ಟುವಾಗ. ‘ಓದುವ ಅನುಮತಿ’, ‘ಬರೆಯುವ ಅನುಮತಿ’, ‘ಅನುಮತಿ ಕೊಡು’, ‘ಅನುಮತಿ ತೆಗೆ’, ಇವೆಲ್ಲ ಸಲೀಸಾಗಿ ಬರುತ್ತವೆ. ‘ರೀಡ್ ಪರ್ಮಿಶನ್ ಅನ್ನು ಗ್ರ್ಯಾಂಟ್ ಮಾಡಿ’ ಎಂದು ಬರೆದರೆ ಅದು ಕನ್ನಡ ಲಿಪಿಯಲ್ಲಿರುವ ಇಂಗ್ಲಿಷ್ ಸ್ಲೈಡ್ ಅಷ್ಟೇ. ಆದರೆ Permission denied ಎಂಬ ಸಾಲು ಪರದೆಯ ಮೇಲೆ ಬರುತ್ತದೆ. ಅದು ಬಂದಾಗ ‘ಅನುಮತಿ ಇಲ್ಲ’ ಎಂದು ಅರ್ಥ ಎಂಬುದನ್ನು ಸ್ಲೈಡ್‌ನಲ್ಲೇ, ಆ ಸಂದೇಶದ ಕೆಳಗೆ, ಒಂದು ಸಲ ಬರೆದುಬಿಡಿ.

ಇನ್ನು ರೀಡ್, ರೈಟ್, ಎಕ್ಸಿಕ್ಯೂಟ್. ಇವು ಮೂರಕ್ಕೂ ಸ್ವಲ್ಪ ನಿಲ್ಲಬೇಕು. r, w, x ಅಕ್ಷರಗಳು ಈ ಪದಗಳಿಂದಲೇ ಬಂದವು. ಆದ್ದರಿಂದ ಪದದ ಸದ್ದು ಒಮ್ಮೆಯಾದರೂ ಮಕ್ಕಳ ಕಿವಿಗೆ ಬೀಳಬೇಕು. ಎಕ್ಸಿಕ್ಯೂಟ್ ವಿಷಯದಲ್ಲಂತೂ ಕನ್ನಡ ಲಿಪಿ ಉಪಕಾರವನ್ನೇ ಮಾಡುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಆ ಪದದ ಮೊದಲ ಅಕ್ಷರ x ಅಲ್ಲ, ಹಾಗಾಗಿ x ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ. ‘ಎಕ್ಸಿಕ್ಯೂಟ್’ ಎಂದು ಕನ್ನಡದಲ್ಲಿ ಬರೆದರೆ ಮೊದಲೇ ‘ಎಕ್ಸ್’ ಕೇಳಿಸುತ್ತದೆ. ಪ್ರಶ್ನೆ ಅಲ್ಲೇ ಮುಗಿಯಿತು.

ಆದರೆ ಈ ಪದಗಳು ಕೆಲಸ ಹೇಳುವ ಪದಗಳು. ವಾಕ್ಯದಲ್ಲಿ ಕೆಲಸ ಹೇಳುವ ಜಾಗಕ್ಕೆ ಕನ್ನಡವೇ ಬರಬೇಕು. ಯಾಕೆಂದರೆ ಒಂದೇ r w x ಫೈಲಿಗೆ ಒಂದು ಅರ್ಥ ಕೊಡುತ್ತದೆ, ಡೈರೆಕ್ಟರಿಗೆ ಇನ್ನೊಂದು. ಫೈಲಿಗೆ w ಇದ್ದರೆ ಅದರೊಳಗೆ ಬರೆಯಬಹುದು, ತಿದ್ದಬಹುದು. ಡೈರೆಕ್ಟರಿಗೆ w ಇದ್ದರೆ, ಜೊತೆಗೆ x ಕೂಡ ಇದ್ದರೆ, ಅದರಲ್ಲಿ ಹೊಸ ಫೈಲ್ ಸೇರಿಸಬಹುದು, ಇರುವುದನ್ನು ಅಳಿಸಬಹುದು. ಎರಡೂ ಕಡೆ ‘ರೈಟ್ ಪರ್ಮಿಶನ್’ ಎಂದು ಬರೆದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಮಕ್ಕಳು ಫೈಲಿನ w ತೆಗೆದು, ಇನ್ನು ಇದನ್ನು ಯಾರೂ ಅಳಿಸಲಾರರು ಎಂದು ನಂಬುತ್ತಾರೆ. ಅಳಿಸುವುದು ನಿಂತಿರುವುದು ಡೈರೆಕ್ಟರಿಯ ಅನುಮತಿಯ ಮೇಲೆ. ‘ಬರೆಯುವ’ ಎಂದು ಫೈಲಿಗೆ, ‘ಫೈಲ್ ಸೇರಿಸುವ, ಅಳಿಸುವ’ ಎಂದು ಡೈರೆಕ್ಟರಿಗೆ ಬೇರೆ ಬೇರೆ ಬರೆದಾಗ ಪಾಠವೇ ಸ್ಪಷ್ಟವಾಯಿತು.

x ಕೂಡ ಹಾಗೆಯೇ. ಪದಕೋಶ ನೋಡಿದರೆ ‘ಕಾರ್ಯಗತಗೊಳಿಸು’ ಸಿಗುತ್ತದೆ. ಲ್ಯಾಬ್‌ನಲ್ಲಿ ಅದನ್ನು ಯಾರೂ ಆಡುವುದಿಲ್ಲ. ಫೈಲಿಗೆ ‘ರನ್ ಮಾಡುವ ಅನುಮತಿ’ ಎನ್ನಿ. ಡೈರೆಕ್ಟರಿಗೆ ‘ಒಳಗೆ ಹೋಗುವ ಅನುಮತಿ’ ಎನ್ನಿ. ಡೈರೆಕ್ಟರಿಯನ್ನು ರನ್ ಮಾಡುವುದು ಹೇಗೆ ಎಂಬ ಪ್ರಶ್ನೆ ನನ್ನ ತರಗತಿಯಲ್ಲಿ ಪ್ರತಿ ವರ್ಷ ಬರುತ್ತಿತ್ತು. ‘ಒಳಗೆ ಹೋಗುವ’ ಎಂದು ಬರೆದ ಮೇಲೆ ನಿಂತಿತು.

ವಿಭಕ್ತಿ ಎಲ್ಲಿ ಅಂಟಿಸುವುದು

ಪದ ತೀರ್ಮಾನವಾದ ಮೇಲೆ ಅದನ್ನು ವಾಕ್ಯದಲ್ಲಿ ಕೂರಿಸಬೇಕು. ಕನ್ನಡದಲ್ಲಿ ಪದದ ಬಾಲಕ್ಕೆ ಅನ್ನು, ಇಂದ, ಗೆ, ಅಲ್ಲಿ ಸೇರುತ್ತವೆ. ಇಂಗ್ಲಿಷ್ ಅಕ್ಷರದಲ್ಲಿರುವ ಕಮಾಂಡ್‌ಗೆ ಇವನ್ನು ನೇರವಾಗಿ ಅಂಟಿಸಬೇಡಿ. ‘chmodನಿಂದ’ ಎಂದು ಬರೆದರೆ ಕಮಾಂಡ್ ಎಲ್ಲಿ ಮುಗಿಯಿತು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಒಂದು ಕನ್ನಡ ಲಿಪಿಯ ಪದ ಇಟ್ಟು ಬಾಲವನ್ನು ಅದಕ್ಕೆ ಕಟ್ಟಿ: chmod ಕಮಾಂಡ್‌ನಿಂದ, hello.sh ಫೈಲಿಗೆ, x ಅಕ್ಷರವನ್ನು. ಇದರಿಂದ ಇನ್ನೊಂದು ಲಾಭವಿದೆ. ಅದು ಕಮಾಂಡೋ, ಫೈಲೋ, ಅಕ್ಷರವೋ ಎಂಬುದೂ ಗೊತ್ತಾಗುತ್ತದೆ.

ಕನ್ನಡ ಲಿಪಿಗೆ ಬಂದ ಪದಗಳಲ್ಲಿ ಎರಡು ಬಗೆ. ಹಳೆಯ ಪದಗಳು ನಮ್ಮ ಬಾಯಲ್ಲಿ ಆಗಲೇ ಪಳಗಿವೆ. ಬಸ್ಸಿಗೆ, ಕಾರಿನಲ್ಲಿ ಎನ್ನುವ ಹಾಗೆ ಫೈಲಿಗೆ, ಫೈಲಿನಲ್ಲಿ, ಫೈಲನ್ನು ಎನ್ನುತ್ತೇವೆ. ಇವನ್ನು ಹಾಗೇ ಬರೆಯಿರಿ. ಹೊಸ ಪದಗಳು ಇನ್ನೂ ಅಷ್ಟು ಬಾಗಿಲ್ಲ: ಟರ್ಮಿನಲ್‌ಗೆ, ಕಮಾಂಡ್‌ನಿಂದ. ಇಲ್ಲಿ ಎಚ್ಚರ ಬೇಕು. ಸುಮ್ನೆ ಟೈಪ್ ಮಾಡಿದರೆ ‘ಟರ್ಮಿನಲ್ಗೆ’ ಎಂದು ಗಕಾರ ಒತ್ತಾಗಿ ಕೆಳಗೆ ಇಳಿಯುತ್ತದೆ. ಕೊನೆ ಬೆಂಚಿನಿಂದ ಅದನ್ನು ಓದುವುದು ಕಷ್ಟ. ಒತ್ತು ಬೀಳದಂತೆ ತಡೆಯುವ ಕಾಣದ ಅಕ್ಷರ ಒಂದಿದೆ, ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200C. ವಿಂಡೋಸ್‌ನ ವರ್ಡ್‌ನಲ್ಲಿ ‘ಟರ್ಮಿನಲ್’ ಆದ ಮೇಲೆ 200C ಎಂದು ಟೈಪ್ ಮಾಡಿ Alt ಮತ್ತು X ಒಟ್ಟಿಗೆ ಒತ್ತಿ. ಸಂಖ್ಯೆ ಮಾಯವಾಗಿ ಆ ಅಕ್ಷರ ಕೂರುತ್ತದೆ. ಆಮೇಲೆ ‘ಗೆ’ ಬರೆದು ಸ್ಲೈಡ್‌ಗೆ ಕಾಪಿ ಮಾಡಿಕೊಳ್ಳಿ.

ಇದರ ಅಣ್ಣತಮ್ಮ ಎನ್ನಬಹುದಾದ 200D ಬೇಕಾಗುವುದು ‘ರ‍್ಯಾಮ್’ ಬರೆಯುವಾಗ. ಅದಿಲ್ಲದಿದ್ದರೆ ‘ರ್ಯಾಮ್’ ಎಂದು ಅರ್ಕಾವತ್ತು ಬಂದು ಕೂರುತ್ತದೆ. ರ ಬರೆದು, 200D ಹಾಕಿ, ಆಮೇಲೆ ಹಲಂತ ಮತ್ತು ಯ ಬರೆದರೆ ಸರಿಯಾಗುತ್ತದೆ.

ಕಾಗುಣಿತ ಒಂದೇ ಇರಲಿ. ಪ್ರೊಸೆಸ್, ಪ್ರೋಸೆಸ್, ಪ್ರಾಸೆಸ್ ಮೂರೂ ಒಂದೇ ಪಾಠದಲ್ಲಿ ಬಂದರೆ ಮಕ್ಕಳು ಮೂರು ಬೇರೆ ವಿಷಯ ಎಂದುಕೊಳ್ಳುತ್ತಾರೆ. ಮೊದಲ ದಿನವೇ ಒಂದು ಆರಿಸಿ ಹಾಳೆಯಲ್ಲಿ ಬರೆದಿಡಿ. ಕೊನೆಗೆ Ctrl ಮತ್ತು F ಒತ್ತಿ ಉಳಿದ ರೂಪಗಳನ್ನು ಹುಡುಕಿ ತೆಗೆಯಿರಿ. ಹುಡುಕುವಾಗ ನೆನಪಿಡಿ: ಕಾಣದ 200C ಇರುವ ಪದ ಮತ್ತು ಇಲ್ಲದ ಪದ ಕಂಪ್ಯೂಟರ್‌ಗೆ ಬೇರೆ ಬೇರೆಯಾಗಿ ಕಾಣಬಹುದು. ಬಾಲ ಬಿಟ್ಟು ಮೂಲ ಪದವನ್ನಷ್ಟೇ ಹುಡುಕಿ.

ಪವರ್‌ಪಾಯಿಂಟ್ ಮಾಡುವ ಕಿತಾಪತಿ

ಇಂಗ್ಲಿಷ್‌ನಲ್ಲೇ ಉಳಿಸಿಕೊಂಡ ಪದಗಳನ್ನು ಪವರ್‌ಪಾಯಿಂಟ್ ತಾನಾಗಿ ತಿದ್ದಿಬಿಡುತ್ತದೆ. ಸಾಲಿನ ಮೊದಲಿಗೆ chmod ಬರೆದರೆ ಅದು Chmod ಆಗುತ್ತದೆ. ಲಿನಕ್ಸ್‌ಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಸ್ಲೈಡ್ ನೋಡಿ ಟೈಪ್ ಮಾಡಿದ ಮಕ್ಕಳಿಗೆ ಅಂಥ ಕಮಾಂಡ್ ಇಲ್ಲ ಎಂಬ ಉತ್ತರ ಬರುತ್ತದೆ. ಎರಡು ಅಡ್ಡಗೆರೆ ಒತ್ತಿದರೆ ಒಂದು ಉದ್ದ ಗೆರೆಯಾಗುತ್ತದೆ. ನೇರ ಉದ್ಧರಣ ಚಿಹ್ನೆ ಬಾಗುತ್ತದೆ. File, Options, Proofing, AutoCorrect Options ಒಳಗೆ ಹೋಗಿ ಈ ಮೂರನ್ನೂ ಆಫ್ ಮಾಡಿ, ಆಮೇಲೆ ಬರೆಯಲು ಕೂರಿ.

ಇಂಗ್ಲಿಷ್ ಅಕ್ಷರಗಳಿಗೆ Consolas ಅಥವಾ Courier New ಥರದ ಸಮ ಅಗಲದ ಫಾಂಟ್ ಕೊಡಿ, ಕನ್ನಡಕ್ಕೆ Noto Sans Kannada ಅಥವಾ Nirmala UI. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಸ್ಲೈಡ್ ನಿಮ್ಮ ಬಳಿ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಇಟ್ಟಿವೆ. ಇಡೀ ಸ್ಲೈಡ್ ಆರಿಸಿ ಅಂಥ ಫಾಂಟ್ ಕೊಟ್ಟರೆ chmod ಕೂಡ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಡುತ್ತದೆ.

ಸ್ಲೈಡ್ ಕೊನೆಗೆ ಹೀಗಾಯಿತು

> ಫೈಲಿನ ಅನುಮತಿ
>
> ಪ್ರತಿ ಫೈಲಿಗೂ ಮೂರು ಬಗೆಯ ಜನ: ಮಾಲೀಕರು u, ಗ್ರೂಪಿನವರು g, ಉಳಿದವರು o.
>
> r ರೀಡ್: ಫೈಲ್ ಓದಬಹುದು. ಡೈರೆಕ್ಟರಿಯಾದರೆ ಒಳಗಿನ ಹೆಸರುಗಳ ಪಟ್ಟಿ ನೋಡಬಹುದು.
>
> w ರೈಟ್: ಫೈಲ್ ತಿದ್ದಬಹುದು. ಡೈರೆಕ್ಟರಿಯಾದರೆ, x ಜೊತೆಗಿದ್ದಾಗ, ಫೈಲ್ ಸೇರಿಸಬಹುದು, ಅಳಿಸಬಹುದು.
>
> x ಎಕ್ಸಿಕ್ಯೂಟ್: ಫೈಲ್ ರನ್ ಮಾಡಬಹುದು. ಡೈರೆಕ್ಟರಿಯಾದರೆ ಒಳಗೆ ಹೋಗಬಹುದು.
>
> Permission denied ಬಂದರೆ: ನಿಮಗೆ ಆ ಅನುಮತಿ ಇಲ್ಲ. ls -l ಕೊಟ್ಟು ನೋಡಿ.

ಕೆಳಗೆ chmod u+x hello.sh ಎಂಬ ಒಂದೇ ಸಾಲು, ದೊಡ್ಡದಾಗಿ.

ರೀಡ್, ರೈಟ್, ಎಕ್ಸಿಕ್ಯೂಟ್ ಎಂಬ ಸದ್ದು ಅಕ್ಷರದ ಪಕ್ಕದಲ್ಲಿ ಒಂದೊಂದು ಸಲ ಮಾತ್ರ ಬಂದಿವೆ. ಕೆಲಸ ಹೇಳುವುದೆಲ್ಲ ಕನ್ನಡದಲ್ಲಿ. ಇದು ಐದು ಸಾಲಾಯಿತು, ಇಂಗ್ಲಿಷ್‌ನಲ್ಲಿ ನಾಲ್ಕಿತ್ತು. ಕನ್ನಡದ ಸಾಲಿಗೆ ಒತ್ತಕ್ಷರ ಇರುವುದರಿಂದ ಎತ್ತರವೂ ಜಾಸ್ತಿ ಬೇಕು. ಅನುಮತಿಯನ್ನು ಅಂಕೆಗಳಲ್ಲಿ ಹೇಳುವ 755 ಥರದ ಸಂಖ್ಯೆಗಳನ್ನು ಇದೇ ಸ್ಲೈಡ್‌ಗೆ ತುರುಕದೆ ಮುಂದಿನ ಸ್ಲೈಡ್‌ಗೆ ಕಳಿಸಿದೆ.

ಈ ಲೆಕ್ಕ ಎಲ್ಲ ಪಾಠಕ್ಕೂ ಹೀಗೇ ಬರುವುದಿಲ್ಲ. ‘ಡೆಡ್‌ಲಾಕ್’ ಥರದ ಪದಕ್ಕೆ ಪರದೆಯ ಮೇಲೆ ಒತ್ತುವ ಅಕ್ಷರವೇ ಇಲ್ಲ. ಅಲ್ಲಿ ಪದವನ್ನು ಕನ್ನಡ ಲಿಪಿಯಲ್ಲಿ ಇಟ್ಟು, ಎರಡು ಪ್ರೊಸೆಸ್‌ಗಳು ಒಂದರ ಕೈಲಿರುವುದಕ್ಕೆ ಇನ್ನೊಂದು ಕಾಯುತ್ತಾ ನಿಂತುಬಿಡುವುದನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ.

ತರಗತಿಗೆ ಹಾಕುವ ಮುಂಚೆ

ಎರಡು ಪರೀಕ್ಷೆ ಮಾಡಿ. ಮೊದಲನೆಯದು ಮನೆಯಲ್ಲೇ ಆಗುತ್ತದೆ. ಸ್ಲೈಡ್ ತೆರೆದು ಗಟ್ಟಿಯಾಗಿ ಓದಿ. ಬರೆದಿರುವುದು ಒಂದು, ನಿಮ್ಮ ಬಾಯಿಗೆ ಬಂದದ್ದು ಇನ್ನೊಂದು ಆದರೆ ಬಾಯಿಗೆ ಬಂದದ್ದೇ ಸರಿ, ಸ್ಲೈಡ್ ತಿದ್ದಿ. ನಾನು ‘ಆಜ್ಞೆ’ ಎಂದು ಬರೆದು ಮೂರು ಕಡೆ ‘ಕಮಾಂಡ್’ ಎಂದು ಓದಿದ್ದೆ.

ಎರಡನೆಯದಕ್ಕೆ ಆ ಪಾಠ ಇನ್ನೂ ಕೇಳದ ಇಬ್ಬರು ಮೂವರು ವಿದ್ಯಾರ್ಥಿಗಳು ಬೇಕು. ಸ್ಲೈಡ್ ಪ್ರಿಂಟ್ ಕೊಟ್ಟು, hello.sh ಫೈಲನ್ನು ಮಾಲೀಕರು ಮಾತ್ರ ರನ್ ಮಾಡುವ ಹಾಗೆ ಮಾಡಿ ಎಂದು ಹೇಳಿ ಸುಮ್ಮನೆ ಹಿಂದೆ ನಿಲ್ಲಿ. ಬಾಯಿ ಬಿಡಬೇಡಿ. ಬೆರಳು ಎಲ್ಲಿ ನಿಲ್ಲುತ್ತದೆ, ಯಾವ ಪದ ನೋಡಲು ಕಣ್ಣು ಪದೇ ಪದೇ ಕಾಗದಕ್ಕೆ ಹೋಗುತ್ತದೆ ಎಂದು ಬರೆದುಕೊಳ್ಳಿ. ಕೊನೆಗೆ ls -l ಕೊಡಿಸಿ. -rwxr--r-- ಬಂದರೆ ಪದ ಸರಿಯಾಗಿದೆ. -rw-r--r-x ಬಂದರೆ ಮತ್ತೆ ಎಲ್ಲೋ ‘ಓ’ ಸದ್ದು ಕೆಲಸ ಮಾಡಿದೆ ಎಂದರ್ಥ, ಆ ಸಾಲಿಗೆ ವಾಪಸ್ ಹೋಗಿ.

ಪ್ರಶ್ನೆಪತ್ರಿಕೆ ಇಂಗ್ಲಿಷ್‌ನಲ್ಲೇ ಬರುವುದಾದರೆ ಕೊನೆಯಲ್ಲಿ ಇನ್ನೊಂದು ಸ್ಲೈಡ್ ಸೇರಿಸಿ. ನೀವು ಕನ್ನಡ ಮಾಡಿದ ಪದಗಳು ಮಾತ್ರ ಅದರಲ್ಲಿರಲಿ. ಈ ಪಾಠಕ್ಕೆ ಅಂಥವು ಮೂರೇ: ಮಾಲೀಕರು, ಉಳಿದವರು, ಅನುಮತಿ. ಎಡಕ್ಕೆ ಕನ್ನಡ, ಬಲಕ್ಕೆ ಪತ್ರಿಕೆಯಲ್ಲಿ ಅಚ್ಚಾಗುವ ಇಂಗ್ಲಿಷ್ ಪದ, ಅದೇ ಕಾಗುಣಿತದಲ್ಲಿ. ಓನರ್ ಎಂಬ ಪದ ಅವರು ಮೊದಲ ಸಲ ನೋಡುವುದು ಅಲ್ಲಿ. ಅಷ್ಟರೊಳಗೆ u+x ಒತ್ತಿ ಕೈ ಪಳಗಿರುತ್ತದೆ.